ತಬಲಾದ ‘ನಾ’ ಮತ್ತು ಆರು ನೂರು ರೂಪಾಯಿಯ ಇಯರ್‌ಫೋನ್: ಧ್ವನಿ ಗುಣಮಟ್ಟದ ಬಗ್ಗೆ ನಾನು ಮಾಡಿದ ಪರೀಕ್ಷೆ

ಧಾರವಾಡದ ಮಾಳಮಡ್ಡಿಯಲ್ಲಿ ನನ್ನದೊಂದು ಸಣ್ಣ ಧ್ವನಿಮುದ್ರಣ ಕೋಣೆಯಿದೆ. ಸಂಗೀತ ಕಲಿಯುವ ವಿದ್ಯಾರ್ಥಿಗಳು ತಮ್ಮ ಅಭ್ಯಾಸವನ್ನೋ ಪರೀಕ್ಷೆಗೆ ಕಳುಹಿಸಬೇಕಾದ ಗಾಯನವನ್ನೋ ಮುದ್ರಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಕಳೆದ ವರ್ಷ ದೀಪಾವಳಿಗೆ ಬಂದಿದ್ದ ನನ್ನ ಅಣ್ಣನ ಮಗ ತನ್ನ ಫೋನಿನಲ್ಲಿ ಎರಡು ಸಂಗೀತ ಆ್ಯಪ್‌ಗಳನ್ನು ತೆರೆದು, ಒಂದೇ ಹಾಡನ್ನು ಒಂದರಲ್ಲಿ ಸಾಮಾನ್ಯ ಗುಣಮಟ್ಟದಲ್ಲಿಯೂ ಇನ್ನೊಂದರಲ್ಲಿ ಮೂಲದ ಮಾಹಿತಿ ಏನೂ ಕಳೆದುಹೋಗದ ಲಾಸ್‌ಲೆಸ್‌ನಲ್ಲಿಯೂ ಕೇಳಿಸಿ, “ಕಾಕಾ, ಎಷ್ಟ್ ಫರಕ್ ಐತಿ ನೋಡ್ರಿ, ಇದರಾಗ ಒಂದೊಂದು ವಾದ್ಯನೂ ಬ್ಯಾರೆ ಕೇಳಸ್ತದ” ಎಂದ. ಅವನ ಕಿವಿಯಲ್ಲಿದ್ದದ್ದು ಆರು ನೂರು ರೂಪಾಯಿಯ ತಂತಿಯ ಇಯರ್‌ಫೋನ್. ಇಂತಹ ಸಾಮಾನ್ಯ ಇಯರ್‌ಫೋನ್ ಗುಣಮಟ್ಟದ ವ್ಯತ್ಯಾಸವನ್ನು ಮುಚ್ಚಿಡುತ್ತದೆ ಎಂಬ ಮಾತಿದೆ. ನಾನೂ ಕೇಳಿದೆ. ವ್ಯತ್ಯಾಸ ನಿಜವಾಗಿಯೂ ಇತ್ತು, ಲಾಸ್‌ಲೆಸ್ ಹೆಚ್ಚು ತುಂಬಿಕೊಂಡಂತೆ, ಹತ್ತಿರ ಬಂದಂತೆ ಕೇಳಿಸುತ್ತಿತ್ತು.

ಆದರೆ ಕಾರಣ ಅವನು ಹೇಳಿದ್ದೇ ಎಂಬುದನ್ನು ಒಪ್ಪುವ ಮೊದಲು ಫೋನಿನ ಇಯರ್‌ಫೋನ್ ರಂಧ್ರದಿಂದ ನನ್ನ ಆಡಿಯೋ ಇಂಟರ್‌ಫೇಸಿಗೆ ತಂತಿ ಎಳೆದು, ಎರಡೂ ಆ್ಯಪ್‌ಗಳಿಂದ ಅದೇ ಹಾಡಿನ ಅದೇ ಅರ್ಧ ನಿಮಿಷವನ್ನು ಮುದ್ರಿಸಿಕೊಂಡೆ. ಲಾಸ್‌ಲೆಸ್ ಎನ್ನಲಾದದ್ದು ಸುಮಾರು ಎರಡು ಡೆಸಿಬೆಲ್ ಜೋರಾಗಿತ್ತು. ಒಂದು ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಸಮಮಾಡುವ ಆಯ್ಕೆ ಚಾಲೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡು ಡೆಸಿಬೆಲ್ ಎಂದರೆ ‘ಜೋರಾಯಿತು’ ಎಂದು ಮನಸ್ಸಿಗೆ ತಕ್ಷಣ ಹೊಳೆಯುವಷ್ಟು ದೊಡ್ಡದಲ್ಲ. ಅದು ‘ಚೆನ್ನಾಗಿದೆ’ ಎಂಬ ರೂಪದಲ್ಲಿಯೇ ಕಿವಿಗೆ ತಟ್ಟುತ್ತದೆ. ಇದರ ಜೊತೆಗೆ, ಒಂದೇ ಹಾಡಿನ ಬೇರೆ ಬೇರೆ ಮಾಸ್ಟರ್‌ಗಳು, ಅಂದರೆ ಬಿಡುಗಡೆಗೆಂದು ಸಿದ್ಧಪಡಿಸಿದ ಅಂತಿಮ ಮುದ್ರಣಗಳು, ಬೇರೆ ಬೇರೆ ಆ್ಯಪ್‌ಗಳಲ್ಲಿ ಇರುವುದುಂಟು. ಹೀಗಾಗಿ ಎರಡು ಆ್ಯಪ್‌ಗಳನ್ನು ಎದುರುಬದುರು ಇಟ್ಟು ಕೇಳುವುದರಿಂದ ಕಡತವನ್ನು ಚಿಕ್ಕದಾಗಿಸುವ ಸಂಕೋಚನದ ಬಗ್ಗೆ ಏನನ್ನೂ ತಿಳಿಯಲಾಗದು ಎಂದು ನನಗೆ ಖಚಿತವಾಯಿತು. ಒಂದೇ ಮೂಲದಿಂದ ನಾವೇ ಎರಡು ಪ್ರತಿ ತಯಾರಿಸಿ, ಯಾವುದು ಯಾವುದೆಂದು ನೋಡದೆ ಕೇಳಬೇಕು.

ಮೂಲವಾಗಿ ನನ್ನ ಕೋಣೆಯಲ್ಲಿಯೇ ಮುದ್ರಿಸಿದ ಎರಡು ತುಣುಕುಗಳನ್ನು ಆರಿಸಿಕೊಂಡೆ. ಒಂದು ಬರಿಯ ತಂಬೂರಿ, ಇನ್ನೊಂದು ಮಧ್ಯಲಯದ ತೀನತಾಲದಲ್ಲಿ ಬರಿಯ ತಬಲಾ. ಎರಡನ್ನೂ ಸಿ.ಡಿ.ಯ ಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ ಸ್ಟೀರಿಯೋಗೆ ತಂದೆ. ಈ ರೂಪದಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಮಾಹಿತಿ ಇರುತ್ತದೆ. ಫ್ಲಾಕ್‌ನಂತಹ ಲಾಸ್‌ಲೆಸ್ ವಿಧಾನ ಇದನ್ನು ಮಡಚಿಟ್ಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರೂ, ಬಿಚ್ಚಿದಾಗ ಪ್ರತಿಯೊಂದು ಬಿಟ್ಟೂ ಹಾಗೆಯೇ ಮರಳಿ ಬರುತ್ತದೆ. ಎಂಪಿ3, ಎಎಸಿಯಂತಹವು ಹಾಗಲ್ಲ. ಒಂದು ಗಟ್ಟಿ ಸ್ವರದ ಮರೆಯಲ್ಲಿರುವ ಮೆಲ್ಲನೆಯ ಸ್ವರವನ್ನು ಕಿವಿ ಹಿಡಿಯಲಾರದು ಎಂಬ ಲೆಕ್ಕದ ಮೇಲೆ ಅವು ಆ ಮರೆಯಾದ ಭಾಗವನ್ನು ಒರಟಾಗಿ ಬರೆದಿಡುತ್ತವೆ ಅಥವಾ ಬಿಟ್ಟೇಬಿಡುತ್ತವೆ. ಪ್ರತಿ ತುಣುಕನ್ನೂ ffmpeg ಎಂಬ ತಂತ್ರಾಂಶದಿಂದ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಗೆ ಇಳಿಸಿ ಮತ್ತೆ ವೇವ್ ಕಡತವಾಗಿ ತೆರೆದಿಟ್ಟುಕೊಂಡೆ:

```
ffmpeg -i tabla.wav -c:a libmp3lame -b:a 128k t128.mp3
ffmpeg -i t128.mp3 -c:a pcm_s16le t128.wav
```

ಇದನ್ನೇ 192 ಮತ್ತು 320 ಕಿಲೋಬಿಟ್‌ಗೂ ಮಾಡಿದೆ. ಮೂಲವೂ ಪ್ರತಿಯೂ ಒಂದೇ ಮಾಸ್ಟರಿನಿಂದ ಬಂದದ್ದರಿಂದ ಸದ್ದಿನ ಮಟ್ಟ ಸಮವಾಗಿತ್ತು; ಅಲೆಗಳನ್ನು ಒಂದರ ಕೆಳಗೊಂದಿಟ್ಟು ಆರಂಭದ ಕ್ಷಣವೂ ಹೊಂದುತ್ತದೆಯೇ ಎಂದು ನೋಡಿಕೊಂಡೆ. ಇದನ್ನು ಬಿಡಬಾರದು. ಪ್ರತಿಯು ಒಂದಿಷ್ಟು ತಡವಾಗಿ ಶುರುವಾದರೂ, ಒಂದರಿಂದ ಇನ್ನೊಂದಕ್ಕೆ ಹೊರಳಿದಾಗ ಆ ಜಿಗಿತವೇ ಗುಟ್ಟನ್ನು ಬಿಟ್ಟುಕೊಡುತ್ತದೆ.

ಕೇಳಲು ಲ್ಯಾಪ್‌ಟಾಪಿನಲ್ಲಿ foobar2000 ಎಂಬ ಸಂಗೀತ ನುಡಿಸುವ ತಂತ್ರಾಂಶ ಮತ್ತು ಅದಕ್ಕೆ ಸೇರಿಸುವ ಎಬಿಎಕ್ಸ್ ಘಟಕವನ್ನು ಬಳಸಿದೆ. ಇದರಲ್ಲಿ ಎ ಎಂದರೆ ಮೂಲ, ಬಿ ಎಂದರೆ ಸಂಕುಚಿತ ಪ್ರತಿ. ಎಕ್ಸ್ ಎಂಬುದು ಇವೆರಡರಲ್ಲಿ ಯಾವುದೋ ಒಂದು, ಯಾವುದೆಂದು ಪ್ರತಿ ಸಲವೂ ಯಂತ್ರವೇ ಚೀಟಿ ಎತ್ತುತ್ತದೆ. ಬೇಕಾದಷ್ಟು ಸಲ ಕೇಳಿ, ಎಕ್ಸ್ ಯಾವುದೆಂದು ಹೇಳಬೇಕು. ಹದಿನಾರು ಸುತ್ತು ಎಂದು ಅಣ್ಣನ ಮಗನೂ ನಾನೂ ಮೊದಲೇ ನಿಶ್ಚಯಿಸಿದ್ದೆವು. ಸುಮ್ಮನೆ ಊಹಿಸುವವನಿಗೂ ಎಂಟರಷ್ಟು ಸರಿಯಾಗುತ್ತವೆ. ಹನ್ನೆರಡು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಊಹೆಯಿಂದ ನೂರಕ್ಕೆ ನಾಲ್ಕರಷ್ಟು ಮಾತ್ರ. ಆದ್ದರಿಂದ ಹನ್ನೆರಡು ಮುಟ್ಟಿದರೆ ‘ಕೇಳಿಸುತ್ತದೆ’ ಎಂದು ಒಪ್ಪುವುದೆಂದು ಇಬ್ಬರೂ ಮಾತಾಡಿಕೊಂಡೆವು. ನಮ್ಮ ಮನೆಗೆ ರೈಲು ನಿಲ್ದಾಣ ಹತ್ತಿರವಾದ್ದರಿಂದ ರಾತ್ರಿ ಹತ್ತರ ನಂತರ, ಗಾಡಿಗಳ ನಡುವಿನ ಬಿಡುವಿನಲ್ಲಿ ಕುಳಿತು ಕೇಳಿದೆವು.

ತಂಬೂರಿಯಲ್ಲಿ ನಾನು 128 ಕಿಲೋಬಿಟ್‌ನಲ್ಲಿಯೇ ಸೋತೆ. ಹದಿನಾರರಲ್ಲಿ ಎಂಟು. ಜವಾರಿಯ ಆ ಝೇಂಕಾರದಲ್ಲಿ ಅಷ್ಟೊಂದು ಉಪಸ್ವರಗಳು ಇರುವಾಗ ಅಲ್ಲಿಯೇ ಮೊದಲು ಹಾಳಾಗುತ್ತದೆ ಎಂದು ನಾನು ನಿರೀಕ್ಷಿಸಿದ್ದೆ. ಆದರೆ ಒಂದೇ ಸಮನೆ ನಿಲ್ಲುವ ಸ್ವರವನ್ನು ಬರೆದಿಡುವುದು ಎಂಪಿ3ಗೆ ಹಗುರವಾದ ಕೆಲಸ.

ತಬಲಾದ ಕಥೆ ಬೇರೆ. ಮೊದಲು ಹತ್ತು ಸೆಕೆಂಡಿನ ತುಣುಕು ಕೇಳಿ ಏನೂ ಹಿಡಿಯಲಾಗಲಿಲ್ಲ. ಆಮೇಲೆ ಬಲಗೈ ತಬಲಾದ ಅಂಚಿನ ಮೇಲೆ ಬೀಳುವ ಒಂದೇ ಒಂದು ‘ನಾ’ವನ್ನು, ಅದರ ಹಿಂದಿನ ಮೌನದ ಸಮೇತ ಎರಡು ಸೆಕೆಂಡಿಗೆ ಕತ್ತರಿಸಿ ತಿರುಗಿಸಿ ತಿರುಗಿಸಿ ಕೇಳಿದೆ. ಮೂಲದಲ್ಲಿ ಮೌನ, ನಂತರ ಬೆರಳು ಚರ್ಮಕ್ಕೆ ತಾಗಿದ ಚೂಪಾದ ಸದ್ದು. 128ರ ಪ್ರತಿಯಲ್ಲಿ ಬೆರಳು ಬೀಳುವುದಕ್ಕಿಂತ ಒಂದು ಎಳೆಯಷ್ಟು ಮೊದಲೇ ‘ಛ್’ ಎಂಬ ಮಸುಕಾದ ಉಸಿರು. ಅದರಿಂದಾಗಿ ಪೆಟ್ಟಿನ ಮೊನೆ ಮೊಂಡಾದಂತಿತ್ತು. ಇದಕ್ಕೆ ಕಾರಣವಿದೆ. ಎಂಪಿ3 ಸಂಗೀತವನ್ನು ಕಾಲದ ಚಿಕ್ಕ ಚಿಕ್ಕ ಖಂಡಗಳಾಗಿ ಮಾಡಿ ಬರೆಯುತ್ತದೆ. ಉದ್ದನೆಯ ಖಂಡದ ಕಿಟಕಿ 1152 ಮಾದರಿಗಳದ್ದು, ಸುಮಾರು 26 ಮಿಲಿಸೆಕೆಂಡ್. ಖಂಡದ ಮಧ್ಯದಲ್ಲೆಲ್ಲೋ ಪೆಟ್ಟು ಬಿದ್ದರೆ, ಒರಟಾಗಿ ಬರೆದುದರಿಂದ ಹುಟ್ಟುವ ಗೊಜಲು ಸದ್ದು ಖಂಡದ ತುಂಬ, ಅಂದರೆ ಪೆಟ್ಟಿನ ಹಿಂದಿನ ಮೌನಕ್ಕೂ ಹರಡುತ್ತದೆ. ಪೆಟ್ಟಿನ ನಂತರದ ಮೆಲ್ಲನೆಯ ಸದ್ದನ್ನು ಕಿವಿ ಬಹಳ ಹೊತ್ತು ಮರೆಮಾಡುತ್ತದೆ, ಆದರೆ ಪೆಟ್ಟಿಗೆ ಮೊದಲಿನದನ್ನು ಕೆಲವೇ ಮಿಲಿಸೆಕೆಂಡ್ ಮಾತ್ರ. ಇಂತಹ ಕಡೆ ಚಿಕ್ಕ ಖಂಡಗಳಿಗೆ ಹೊರಳುವ ಉಪಾಯ ಎಂಪಿ3ಯಲ್ಲಿಯೇ ಇದೆ, ಆದರೆ ಅದಕ್ಕೆ ಬಿಟ್ಟುಗಳು ಹೆಚ್ಚು ಬೇಕು; 128ರಲ್ಲಿ ಅವು ಸಾಲುವುದಿಲ್ಲ.

ಆ ‘ಛ್’ ಒಮ್ಮೆ ಕಿವಿಗೆ ಸಿಕ್ಕ ಮೇಲೆ ನನಗೆ ಹದಿನಾರರಲ್ಲಿ ಹದಿನಾಲ್ಕು ಸರಿಯಾದವು, ಹುಡುಗನಿಗೆ ಹದಿನೈದು. ಇದೆಲ್ಲ ಆಗಿದ್ದು ಅವನ ಆರು ನೂರು ರೂಪಾಯಿಯ ಇಯರ್‌ಫೋನಿನಲ್ಲಿಯೇ. ನಾನು ಸಂಕಲನಕ್ಕೆ ಬಳಸುವ, ಅದರ ಹದಿನೈದು ಪಟ್ಟು ಬೆಲೆಯ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದಾಗ ನನಗೆ ಬಂದದ್ದೂ ಹದಿನಾಲ್ಕೇ. ಕಾಲದಲ್ಲಿ ಆಗುವ ಈ ದೋಷವನ್ನು ತೋರಿಸಲು ಇಯರ್‌ಫೋನ್ ಎಲ್ಲ ಸ್ವರಗಳನ್ನೂ ಸಮತೂಕದಲ್ಲಿ ನುಡಿಸಬೇಕಾಗಿಲ್ಲ. ಮೌನವಿರಬೇಕಾದಲ್ಲಿ ಬಂದ ಸದ್ದನ್ನು ನುಡಿಸಿದರೆ ಸಾಕು.

192ಕ್ಕೆ ಏರಿಸಿದಾಗ ನನಗೆ ಹತ್ತು ಸರಿಯಾದವು, ಅಂದರೆ ಒಪ್ಪುವಂತಿಲ್ಲ. ಹುಡುಗನಿಗೆ ಹನ್ನೆರಡು, ಅವನ ಹತ್ತೊಂಬತ್ತು ವರ್ಷದ ಕಿವಿ ಗೆರೆ ಮುಟ್ಟಿತು. 320ರಲ್ಲಿ ನನಗೆ ಏಳು. ಹುಡುಗನಿಗೆ ಮೊದಲ ಐದು ಸುತ್ತೂ ಸರಿಯಾಗಿ, “ಸಾಕ್ ಬಿಡ್ರಿ ಕಾಕಾ, ನನಗ ಕೇಳಸ್ತದ” ಎಂದು ಇಯರ್‌ಫೋನ್ ತೆಗೆಯಲು ಹೋದ. ಊಹೆಯಿಂದಲೂ ಮೂವತ್ತೆರಡು ಜನರಲ್ಲಿ ಒಬ್ಬನಿಗೆ ಐದಕ್ಕೆ ಐದು ಬೀಳುತ್ತದೆ ಎಂದು ಹೇಳಿ ಕೂರಿಸಿದೆ. ಉಳಿದ ಹನ್ನೊಂದರಲ್ಲಿ ನಾಲ್ಕು ಮಾತ್ರ ಸರಿಯಾಗಿ, ಒಟ್ಟು ಒಂಬತ್ತಕ್ಕೆ ನಿಂತಿತು. ಗೆದ್ದಾಗ ನಿಲ್ಲಿಸುವುದು, ಸೋತಾಗ ‘ಇನ್ನೊಮ್ಮೆ’ ಎನ್ನುವುದು ಈ ಪರೀಕ್ಷೆಯನ್ನು ಹಾಳುಮಾಡುವ ದೊಡ್ಡ ದಾರಿ. ನನ್ನ ದುಬಾರಿ ಹೆಡ್‌ಫೋನಿನಲ್ಲಿ 320 ಕೇಳಿದಾಗ ಅವನಿಗೆ ಬಂದದ್ದು ಎಂಟು.

ಹಾಗಾದರೆ ಸಾಮಾನ್ಯ ಇಯರ್‌ಫೋನ್ ವ್ಯತ್ಯಾಸವನ್ನು ಮುಚ್ಚಿಡುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ವ್ಯತ್ಯಾಸ ಕಿವಿಗೆ ಎಟುಕುವಷ್ಟು ಇದ್ದಾಗ ಅದು ತೋರಿಸಿತು. ಎಟುಕದಿದ್ದಾಗ ದುಬಾರಿ ಹೆಡ್‌ಫೋನ್ ಕೂಡ ತೋರಿಸಲಿಲ್ಲ. ನಮ್ಮ ಇಬ್ಬರ ಕಿವಿ, ಒಂದು ಕೋಣೆ, ಎರಡು ತುಣುಕುಗಳ ಮಟ್ಟಿಗೆ ಇದು ನಿಜ. ಬೇರೆ ಎನ್‌ಕೋಡರ್, ಬೇರೆ ವಾದ್ಯಕ್ಕೆ ಗೆರೆ ಆಚೀಚೆ ಸರಿಯಬಹುದು. ಎಎಸಿ ಎಂಪಿ3ಗಿಂತ ನಂತರದ್ದು, ಕಡಿಮೆ ಬಿಟ್ಟಿನಲ್ಲಿ ಹೆಚ್ಚು ಉಳಿಸಿಕೊಳ್ಳುತ್ತದೆ.

ಪರೀಕ್ಷೆಯ ನಡುವೆ ಆದ ಒಂದು ಸಂಗತಿ ನನಗೆ ಈ ಎಲ್ಲ ಅಂಕಿಗಳಿಗಿಂತ ದೊಡ್ಡದಾಗಿ ಕಂಡಿತು. ಇಯರ್‌ಫೋನಿನ ತುದಿಯ ಒಂದು ರಬ್ಬರ್ ಕಳಚಿ ಬಿದ್ದಿತ್ತು. ಅದರ ಬದಲಿಗೆ ಡಬ್ಬಿಯಲ್ಲಿದ್ದ ಚಿಕ್ಕ ಅಳತೆಯ ರಬ್ಬರ್ ಹಾಕಿಕೊಂಡಾಗ ಎಡಗೈ ತಬಲಾದ ‘ಘೇ’ ಹೆಚ್ಚುಕಡಿಮೆ ಮಾಯವಾಯಿತು, ಡಬ್ಬಿ ಬಡಿದಂತಹ ಸದ್ದಷ್ಟೇ ಉಳಿಯಿತು. ಕಿವಿಯ ಕಾಲುವೆ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಮಂದ್ರದ ಗಾಳಿಯ ಒತ್ತಡ ಸಂದಿಯಿಂದ ಹೊರಗೆ ಸೋರಿಹೋಗುತ್ತದೆ. ಇದನ್ನು ತಿಳಿಯಲು ಹದಿನಾರು ಸುತ್ತು ಬೇಕಿಲ್ಲ, ಮೊದಲ ಮಾತ್ರೆಯಲ್ಲಿಯೇ ಗೊತ್ತಾಗುತ್ತದೆ. ಲಾಸ್‌ಲೆಸ್‌ಗೆ ತಿಂಗಳ ಹಣ ಕಟ್ಟುವ ಮೊದಲು ಡಬ್ಬಿಯಲ್ಲಿ ಕೊಟ್ಟ ಮೂರೂ ಅಳತೆಯ ರಬ್ಬರುಗಳನ್ನು ಹಾಕಿ ನೋಡಿರೆಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಎಡಕಿವಿಗೂ ಬಲಕಿವಿಗೂ ಬೇರೆ ಬೇರೆ ಅಳತೆ ಹೊಂದುವುದೂ ಉಂಟು.

ಹುಡುಗ ಹುಬ್ಬಳ್ಳಿಯ ಕಾಲೇಜಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಆಗ ಅವನ ಕಿವಿಯಲ್ಲಿರುವುದು ಬ್ಲೂಟೂತ್ ಇಯರ್‌ಬಡ್. ಅವನ ಫೋನಿನ ಡೆವಲಪರ್ ಆಯ್ಕೆಗಳನ್ನು ತೆರೆದು ನೋಡಿದಾಗ ಬ್ಲೂಟೂತ್ ಕೋಡೆಕ್ ಎಂಬಲ್ಲಿ ಎಎಸಿ ಎಂದಿತ್ತು. ಅಂದರೆ ಫೋನು ಲಾಸ್‌ಲೆಸ್ ಕಡತವನ್ನು ಬಿಚ್ಚಿ, ಗಾಳಿಯಲ್ಲಿ ಕಳುಹಿಸುವ ಮುನ್ನ ಮತ್ತೆ ಸಂಕುಚಿಸುತ್ತದೆ. ಎಲ್ಲ ಬ್ಲೂಟೂತ್ ಇಯರ್‌ಫೋನುಗಳಲ್ಲಿಯೂ ಇರಲೇಬೇಕಾದ ಎಸ್‌ಬಿಸಿ ಕೋಡೆಕ್ ಆದರೂ ಸಾಮಾನ್ಯವಾಗಿ ಹೆಚ್ಚೆಂದರೆ 328 ಕಿಲೋಬಿಟ್ ಒಯ್ಯುತ್ತದೆ. ಕಡತ ಲಾಸ್‌ಲೆಸ್ ಆಗಿದ್ದರೂ ಅವನ ಕಿವಿಗೆ ಅದು ಲಾಸ್‌ಲೆಸ್ ಆಗಿ ಬರುತ್ತಲೇ ಇರಲಿಲ್ಲ. ಒಂದು ಗಂಟೆಯ ಸಂಗೀತಕ್ಕೆ 320ರಲ್ಲಿ 144 ಎಂಬಿ ಸಾಕು, ಫ್ಲಾಕ್‌ನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಫೋನಿನ ಡೇಟಾದಲ್ಲಿ ಕೇಳುವಾಗ ಈಗ ಅವನು ಲಾಸ್‌ಲೆಸ್ ಆಯ್ಕೆಯನ್ನು ತೆಗೆದಿಟ್ಟಿದ್ದಾನೆ.

ನನ್ನ ಕೋಣೆಯಲ್ಲಿ ಮಾತ್ರ ಮೂಲ ಕಡತಗಳೆಲ್ಲ ಫ್ಲಾಕ್‌ನಲ್ಲಿಯೇ ಇರುತ್ತವೆ, ಅದಕ್ಕೆ ಕೇಳುವುದು ಕಾರಣವಲ್ಲ. 128ರ ಆ ತಬಲಾವನ್ನು ಮತ್ತೆ 128ಕ್ಕೆ, ಹೀಗೆ ಐದು ಸಲ ಇಳಿಸಿ ನೋಡಿದೆ; ಐದನೆಯ ಪ್ರತಿಯಲ್ಲಿ ‘ನಾ’ಕ್ಕೆ ಮೊದಲಿನ ಆ ಉಸಿರು ಯಾರಿಗಾದರೂ ಕೇಳಿಸುವಷ್ಟು ದಪ್ಪವಾಗಿತ್ತು. ವಿದ್ಯಾರ್ಥಿಯ ಧ್ವನಿಮುದ್ರಣವನ್ನು ನಾನು ಕತ್ತರಿಸುತ್ತೇನೆ, ಅವರ ಗುರುಗಳು ಫೋನಿನಲ್ಲಿ ಕಳುಹಿಸಿಕೊಳ್ಳುತ್ತಾರೆ, ಪರೀಕ್ಷೆಯವರ ಜಾಲತಾಣ ಅದನ್ನು ತನ್ನ ರೀತಿಗೆ ಮತ್ತೊಮ್ಮೆ ಇಳಿಸುತ್ತದೆ. ಆದ್ದರಿಂದ ಜಾಲತಾಣಕ್ಕೆ ಏರಿಸಲು ಫ್ಲಾಕ್ ಅಥವಾ ವೇವ್ ಕಡತವನ್ನೂ, ಮನೆಯಲ್ಲಿ ಕೇಳಲು 256ರ ಎಎಸಿಯನ್ನೂ, ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಕೊಡುತ್ತೇನೆ.