ಪದದೊಳಗೇ ಕೂತ ತೀರ್ಪು: ಸಂಶೋಧನಾ ಪ್ರಬಂಧದಲ್ಲಿ ಅದನ್ನು ಹಿಡಿಯುವುದು ಹೇಗೆ?

ಉತ್ತರ ಕನ್ನಡದ ಕಾಡಿನ ಇತಿಹಾಸ ಓದುವವರಿಗೆ ಈ ಬಗೆಯ ವಾಕ್ಯ ಹೊಸದೇನಲ್ಲ. ಇದು ಮಾದರಿಗಾಗಿ ಇಲ್ಲಿ ಕಟ್ಟಿದ್ದು:

“ಅಲೆಮಾರಿ ಕುಮರಿ ಬೇಸಾಯಗಾರರ ವಿನಾಶಕಾರಿ ಪದ್ಧತಿಯಿಂದ ಕಾಡು ಕ್ಷೀಣಿಸಿದ್ದರಿಂದ ಅದನ್ನು ಮೀಸಲು ಅರಣ್ಯವಾಗಿ ರಕ್ಷಿಸಿ ವೈಜ್ಞಾನಿಕ ನಿರ್ವಹಣೆಗೆ ಒಳಪಡಿಸಲಾಯಿತು, ಅತಿಕ್ರಮಣದಾರರನ್ನು ಸ್ಥಳಾಂತರಿಸಲಾಯಿತು.”

ಕುಮರಿ ಎಂದರೆ ಕಾಡಿನ ತುಂಡನ್ನು ಕಡಿದು ಸುಟ್ಟು, ಜಾಗ ಬದಲಿಸುತ್ತಾ ಮಾಡುವ ಬೇಸಾಯ. ಈ ವಾಕ್ಯದಲ್ಲಿ ಒಂದು ಇಸವಿಯಿಲ್ಲ, ಒಂದು ಅಂಕಿಯಿಲ್ಲ, ಒಂದು ದಾಖಲೆಯ ಹೆಸರಿಲ್ಲ. ಆದರೂ ಓದಿ ಮುಗಿಸುವಷ್ಟರಲ್ಲಿ ತಪ್ಪು ಯಾರದು, ಸರಿ ಯಾರದು ಎಂಬುದು ಮನಸ್ಸಿನಲ್ಲಿ ಕೂತಿರುತ್ತದೆ. ಈ ವಾಕ್ಯವನ್ನೇ ಬಿಡಿಸುತ್ತಾ ಹೋಗೋಣ.

ಮೊದಲು ಪೆನ್ಸಿಲ್ ಹಿಡಿಯಿರಿ

ಸ್ಥಳಕ್ಕೆ ಹೋದರೆ ಕಣ್ಣಿಗೆ ಕಾಣುವ ಅಥವಾ ಅಳೆಯಬಹುದಾದ ಸಂಗತಿಯನ್ನು ಹೇಳುವ ಪದಕ್ಕೆ ಸುತ್ತು ಹಾಕಿ. ಸಾಕ್ಷ್ಯವಿಲ್ಲದೆ ಒಪ್ಪಲಾಗದ ಪದದ ಕೆಳಗೆ ಗೆರೆ ಎಳೆಯಿರಿ. ಕುಮರಿ, ಕಾಡು ಸುತ್ತಿನೊಳಗೆ ಬರುತ್ತವೆ. ವಿನಾಶಕಾರಿ, ರಕ್ಷಿಸಿ, ವೈಜ್ಞಾನಿಕ ಗೆರೆಯ ಮೇಲೆ ನಿಲ್ಲುತ್ತವೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ಏಕೆಂದರೆ ವಿಶೇಷಣಗಳು ತಮ್ಮ ಬಣ್ಣವನ್ನು ಬಚ್ಚಿಡುವುದಿಲ್ಲ. ಕೈತಪ್ಪುವುದು ನಾಮಪದಗಳು. “ಅತಿಕ್ರಮಣದಾರ” ಎಂಬುದು ಬರಿಯ ಹೆಸರಿನಂತೆ ಕಾಣುತ್ತದೆ, ಆದರೆ ಇಡೀ ವಾಕ್ಯದಲ್ಲಿ ಅತಿ ಭಾರದ ತೀರ್ಪು ಅದರೊಳಗಿದೆ. “ಅಲೆಮಾರಿ” ಕೂಡ ಹಾಗೆಯೇ: ಕುಮರಿಯಲ್ಲಿ ಜಾಗ ಬದಲಿಸುವುದು ಹೊಲ. ಊರೂ ಹೊಲದ ಜೊತೆ ಹೋಗುತ್ತಿತ್ತು ಎನ್ನುವುದಾದರೆ ಅದನ್ನು ಬೇರೆಯಾಗಿಯೇ ತೋರಿಸಬೇಕು.

ನಾಮಪದದ ತಾರೀಖು ಕೇಳಿ

ಅತಿಕ್ರಮಣ ಆಗಬೇಕಾದರೆ ಮೊದಲು ಒಂದು ಗಡಿ ಇರಬೇಕು. ಹಾಗಾಗಿ ಎರಡು ತಾರೀಖು ಹುಡುಕಬೇಕು: ಆ ಜಾಗವನ್ನು ಮೀಸಲು ಎಂದು ಸಾರಿದ ಅಧಿಸೂಚನೆಯದು, ಆ ಕುಟುಂಬ ಅಲ್ಲಿ ಸಾಗುವಳಿ ಶುರುಮಾಡಿದ್ದು. ಸಾಗುವಳಿ ಮೊದಲಿನದಾದರೆ ಮನುಷ್ಯ ಗೆರೆ ದಾಟಿಲ್ಲ, ಅವನ ಹೊಲದ ಮೇಲೆ ಗೆರೆ ಬಂದಿದೆ.

ಆಮೇಲೆ ಆ ಗೆರೆ ಎಳೆದ ಕ್ರಮ ನೋಡಿ. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು ಮೀಸಲಿಡುವ ಉದ್ದೇಶವನ್ನು ಪ್ರಕಟಿಸಬೇಕು. ನಂತರ ಅರಣ್ಯ ವ್ಯವಸ್ಥಾಪನಾಧಿಕಾರಿ ಹಕ್ಕು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳ ಗಡುವು ಕೊಡಬೇಕು. ಗಡುವಿನೊಳಗೆ ಹೇಳಿಕೊಳ್ಳದ, ವಿಚಾರಣೆಯಲ್ಲೂ ಅಧಿಕಾರಿಯ ಗಮನಕ್ಕೆ ಬಾರದ ಹಕ್ಕು ಸಾಮಾನ್ಯವಾಗಿ ಅಳಿದುಹೋಗುತ್ತದೆ. ಕುಮರಿಯವರ ಪಾಡು ಇನ್ನೂ ಕಷ್ಟದ್ದು. ಅದೇ ಕಾಯ್ದೆಯ 10ನೇ ಕಲಮಿನ 5ನೇ ಉಪಕಲಮು ಜಾಗ ಬದಲಿಸುವ ಬೇಸಾಯವನ್ನು ಎಲ್ಲ ಸಂದರ್ಭದಲ್ಲೂ ಸವಲತ್ತು ಎಂದೇ ಭಾವಿಸತಕ್ಕದ್ದು ಎನ್ನುತ್ತದೆ. ಸರ್ಕಾರ ಅದನ್ನು ನಿಯಂತ್ರಿಸಬಹುದು, ನಿರ್ಬಂಧಿಸಬಹುದು, ರದ್ದು ಮಾಡಬಹುದು. “ಭಾವಿಸತಕ್ಕದ್ದು” ಎಂಬಲ್ಲಿ ನಿಂತು ಓದಿ. ಅದು ಹಕ್ಕೇ ಆಗಿತ್ತೋ ಅಲ್ಲವೋ ಎಂಬ ಪ್ರಶ್ನೆಯನ್ನು ಕಾನೂನು ವಿಚಾರಿಸಿ ತೀರ್ಮಾನಿಸಿಲ್ಲ, ಕೇಳುವ ಬಾಗಿಲನ್ನೇ ಮುಚ್ಚಿದೆ. ಹೀಗಿರುವಾಗ ಇತಿಹಾಸಕಾರರು “ಕುಮರಿ ಸವಲತ್ತು ಹಿಂತೆಗೆಯಲಾಯಿತು” ಎಂದು ತಮ್ಮ ಸ್ವಂತ ಮಾತಾಗಿ ಬರೆದರೆ, ವಿವಾದದ ಒಂದು ಪಕ್ಷದ ವಾದವನ್ನೇ ಸಂಗತಿಯೆಂದು ಒಪ್ಪಿಕೊಂಡಂತೆ. “ಕಾಯ್ದೆ ಸವಲತ್ತು ಎಂದು ಕರೆದ ಕುಮರಿ” ಎಂದು ಬರೆದರೆ ಕರೆದವರು ಯಾರೆಂಬುದು ಉಳಿಯುತ್ತದೆ.

ಪದ ತೆಗೆದು ಕೆಲಸ ಬರೆಯಿರಿ

ಗೆರೆ ಹಾಕಿದ ಪದದ ಜಾಗದಲ್ಲಿ ಯಾರು, ಏನು, ಎಲ್ಲಿ, ಎಷ್ಟು ಕಾಲ ಎಂಬುದನ್ನು ಬರೆಯಿರಿ. “ವಿನಾಶಕಾರಿ ಪದ್ಧತಿ” ಹೀಗಾಗುತ್ತದೆ: ಕುಣಬಿ ಮೊದಲಾದ ಸಮುದಾಯದವರು ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಬೂದಿಯ ಮೇಲೆ ರಾಗಿ ಮುಂತಾದುವನ್ನು ಬಿತ್ತಿ, ಒಂದೆರಡು ವರ್ಷ ಬೆಳೆ ತೆಗೆದು, ಕಾಡು ಮತ್ತೆ ಬೆಳೆಯಲೆಂದು ಆ ಜಾಗವನ್ನು ಹಲವು ವರ್ಷ ಬೀಳುಬಿಡುತ್ತಿದ್ದರು.

ಹೀಗೆ ಬರೆದ ಕೂಡಲೇ ನಿಜವಾದ ಸಂಶೋಧನಾ ಪ್ರಶ್ನೆ ಎದ್ದುಬರುತ್ತದೆ. ಕಾಡಿಗೆ ಹಾನಿಯಾಯಿತೋ ಇಲ್ಲವೋ ಎಂಬುದು ಬಹುಮಟ್ಟಿಗೆ ಬೀಳುಬಿಟ್ಟ ಅವಧಿಯ ಮೇಲೆ ನಿಂತಿದೆ. ಸಾಕಷ್ಟು ವರ್ಷ ಬಿಟ್ಟರೆ ಮರ ಮೇಲೇಳುತ್ತದೆ. ಇಳಿಜಾರಿನಲ್ಲಿ ಬೇಗ ಬೇಗ ಸುಟ್ಟರೆ ಮಣ್ಣು ಕೊಚ್ಚಿಹೋಗುತ್ತದೆ. ಹಾಗಾದರೆ ಅವಧಿ ಯಾವಾಗ ಕಡಿಮೆಯಾಯಿತು, ಯಾಕೆ? ಸುತ್ತಲಿನ ಕಾಡನ್ನು ಮೀಸಲಿಟ್ಟಾಗ ಅಷ್ಟೇ ಜನ ಚಿಕ್ಕ ಜಾಗದಲ್ಲಿ ಸುತ್ತಬೇಕಾಗುತ್ತದೆ, ಅವಧಿ ತಾನಾಗಿ ಇಳಿಯುತ್ತದೆ. ಅಂದರೆ ಮಾದರಿ ವಾಕ್ಯ ಕಾರಣ ಎಂದದ್ದು ಪರಿಣಾಮವೂ ಆಗಿರಬಹುದು. ಜೊತೆಗೆ, ಈ ಜಿಲ್ಲೆಯ ತೇಗ ಹಡಗಿಗೂ ರೈಲು ಹಳಿಯ ಅಡಿಮರಕ್ಕೂ ಬೇಕಾಗಿತ್ತು. ಕಡಿದ ತೇಗದ ಲೆಕ್ಕವಿಲ್ಲದೆ “ಕ್ಷೀಣಿಸಿತು” ಎನ್ನುವಂತಿಲ್ಲ. ಹಾನಿಗೆ ಪುರಾವೆ ಸಿಕ್ಕರೆ ಹಾನಿ ಎಂದೇ ಬರೆಯಿರಿ, ಮುಲಾಜು ಬೇಡ. ಪುರಾವೆ ಬರುವ ಮೊದಲೇ ಆ ಪದ ಬರಬಾರದು, ಅಷ್ಟೆ.

“ಲಾಯಿತು” ಬಂದಲ್ಲಿ ಕರ್ತೃವನ್ನು ಹುಡುಕಿ

“ಸ್ಥಳಾಂತರಿಸಲಾಯಿತು” ಎಂಬ ಮೃದು ಮಾತಿನ ಹಿಂದೆ ಆದೇಶ ಹೊರಡಿಸಿದ ಅಧಿಕಾರಿ, ಮನೆಗಳ ಸಂಖ್ಯೆ, ಕೊಟ್ಟ ಜಮೀನು, ಬಂದ ಪೊಲೀಸರು ಎಲ್ಲವೂ ಮರೆಯಾಗಬಹುದು. ಇಂದಿನ ಹುಲಿ ಸಂರಕ್ಷಿತ ಪ್ರದೇಶಗಳ ಬಗ್ಗೆ, ಉದಾಹರಣೆಗೆ ಕಾಳಿಯ ಬಗ್ಗೆ ಬರೆಯುವವರು “ಸ್ವಯಂಪ್ರೇರಿತ ಸ್ಥಳಾಂತರ” ಎಂಬ ಪದ ಬಳಸುವ ಮುಂಚೆ ಕಡತ ನೋಡಲೇಬೇಕು. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಷರತ್ತುಗಳನ್ನು ಹಾಕಿದೆ. ಅರಣ್ಯ ಹಕ್ಕುಗಳ ಮಾನ್ಯತೆ ಮುಗಿದಿರಬೇಕು, ಜೊತೆಯಾಗಿ ಬಾಳುವ ಬೇರೆ ದಾರಿ ಇಲ್ಲವೆಂದು ನಿರ್ಧಾರವಾಗಿರಬೇಕು, ವಿಷಯ ತಿಳಿದು ಕೊಟ್ಟ ಗ್ರಾಮಸಭೆಯ ಮತ್ತು ಆಯಾ ಜನರ ಒಪ್ಪಿಗೆ ಇರಬೇಕು. ಈ ಕಾಗದಗಳನ್ನು ಕಾಣದೆ “ಸ್ವಯಂಪ್ರೇರಿತ” ಎಂದು ಬರೆಯುವುದು ಆ ಜನರ ಪರವಾಗಿ ಅವರ ಸಹಿಯನ್ನು ನಾವೇ ಹಾಕಿದ ಹಾಗೆ.

ಎದುರು ಬದಿಗೆ ಜಾರಬೇಡಿ

ಅತಿಕ್ರಮಣದಾರ ಎಂಬುದನ್ನು ಹೊಡೆದು “ಕಾಡಿನ ಮಕ್ಕಳು” ಎಂದು ಬರೆದರೆ ತೀರ್ಪು ತಿರುಗಿತೇ ಹೊರತು ಹೋಗಲಿಲ್ಲ. ಉದ್ಧರಣ ಚಿಹ್ನೆಯೊಳಗೆ ಪದವನ್ನು ಇಟ್ಟು ಮುಂದೆ ನಡೆಯುವುದೂ ಅಷ್ಟೇ: ಲೇಖಕರಿಗೆ ಅದು ಇಷ್ಟವಿಲ್ಲ ಎಂದು ತಿಳಿಯುತ್ತದೆ, ಯಾಕೆ ತಪ್ಪು ಎಂಬುದು ತಿಳಿಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲಿರುವ “ಐತಿಹಾಸಿಕ ಅನ್ಯಾಯ” ಎಂಬ ಮಾತನ್ನೂ ಕಾಯ್ದೆಯ ಹೆಸರು ಹೇಳಿಯೇ ಬಳಸಬೇಕು. “ಇತರ ಪಾರಂಪರಿಕ ಅರಣ್ಯವಾಸಿ” ಎಂಬುದಂತೂ ಪಕ್ಕಾ ಕಾನೂನಿನ ಪದ: 2005ರ ಡಿಸೆಂಬರ್ 13ಕ್ಕೆ ಮುಂಚೆ ಕನಿಷ್ಠ ಮೂರು ತಲೆಮಾರು, ಅಂದರೆ 75 ವರ್ಷ, ಮುಖ್ಯವಾಗಿ ಕಾಡಿನಲ್ಲಿ ನೆಲೆಸಿದ್ದು ಜೀವನೋಪಾಯಕ್ಕೆ ಅದನ್ನೇ ನೆಚ್ಚಿದವರು. ಆ ಅರ್ಥದಲ್ಲಿ ಬಳಸಿದ್ದೀರೋ, ಮಾತಿನ ಓಘಕ್ಕೋ ಎಂಬುದನ್ನು ಪದ ಮೊದಲು ಬಂದಲ್ಲೇ ಹೇಳಿಬಿಡಿ.

ಕೊನೆಗೆ ವಾಕ್ಯ ಮತ್ತೆ ಕಟ್ಟಿ

“… ಇಸವಿಯಲ್ಲಿ … ಸರ್ಕಾರ, ಕುಣಬಿಗಳು ಕುಮರಿ ಮಾಡುತ್ತಿದ್ದ … ಎಕರೆಯನ್ನು ಮೀಸಲು ಅರಣ್ಯವೆಂದು ಸಾರಿತು. ಕುಮರಿಯಿಂದ ಕಾಡು ಹಾಳಾಗುತ್ತಿದೆ ಎಂಬುದು ಇಲಾಖೆ ಕೊಟ್ಟ ಕಾರಣ. ಆ ನಂತರವೂ ಬಿತ್ತಿದವರನ್ನು ಇಲಾಖೆಯ ದಾಖಲೆ ಅತಿಕ್ರಮಣದಾರರು ಎಂದು ನಮೂದಿಸಿತು. ಇಲಾಖೆ … ಮನೆಗಳನ್ನು … ಆದೇಶದ ಮೇಲೆ ತೆರವು ಮಾಡಿಸಿತು.”

ಚುಕ್ಕಿ ಇಟ್ಟ ಜಾಗಗಳನ್ನು ದಾಖಲೆ ನೋಡಿ ತುಂಬಬೇಕು. ಒಂದಕ್ಕೆ ದಾಖಲೆ ಸಿಗದಿದ್ದರೆ ಅದು ಸಿಕ್ಕಿಲ್ಲವೆಂದು ಅಡಿಟಿಪ್ಪಣಿಯಲ್ಲಿ ಬರೆದು, ಅದನ್ನು ನೆಚ್ಚಿದ ತೀರ್ಮಾನವನ್ನು ಪ್ರಬಂಧದ ಕೊನೆಯ ಅಧ್ಯಾಯದಿಂದಲೂ ತೆಗೆಯಿರಿ.