ಬಫೆ ಕಾರ್ಡಿನಲ್ಲಿ ‘ಇದೆ’ ಅಂತ ಮಾತ್ರ ಬರೆಯುತ್ತೇನೆ

ಮಂಗಳೂರಿನಲ್ಲಿ ನಮ್ಮದು ಕೇಟರಿಂಗ್. ಮದುವೆ, ಕಾನ್ಫರೆನ್ಸ್ ಊಟಕ್ಕೆ ಕನ್ನಡ ಓದುವವರ ಜೊತೆ ಮಲಯಾಳ, ಹಿಂದಿ, ಇಂಗ್ಲಿಷ್ ಮಾತ್ರ ಓದುವವರೂ ಬರುತ್ತಾರೆ. ತುಳು, ಕೊಂಕಣಿಯವರಿಗೆ ಕನ್ನಡದ ಸಾಲೇ ಸಾಕು. ಹಾಗಾಗಿ ಅಲರ್ಜಿ ಕಾರ್ಡಿನಲ್ಲಿ ನಾಲ್ಕು ಸಾಲು, ಎಲ್ಲ ಕಾರ್ಡಿನಲ್ಲೂ ಒಂದೇ ಕ್ರಮದಲ್ಲಿ.

‘ಗೋಧಿ ಇಲ್ಲ’, ‘ಹಾಲು ಇಲ್ಲ’ ಅಂತ ನಾನು ಬರೆಯುವುದಿಲ್ಲ. ಗೋಳಿಬಜೆ ಕರಿದ ಎಣ್ಣೆಯಲ್ಲೇ ಬೇರೆಯದ್ದೂ ಕರಿಯುವ ಅಡುಗೆಮನೆಯಲ್ಲಿ ಆ ಮಾತಿಗೆ ಜವಾಬ್ದಾರಿ ಯಾರು ಹೊರುತ್ತಾರೆ? ಏನು ಹಾಕಿದ್ದೇವೋ ಅದು ಗೊತ್ತು, ಅದನ್ನು ಮಾತ್ರ ಬರೆಯುತ್ತೇನೆ.

ಟೊಮೆಟೊ ಸಾರನ್ನೇ ತೆಗೆದುಕೊಳ್ಳಿ. ನೋಡಿದರೆ ಬೇಳೆ, ಟೊಮೆಟೊ, ಒಗ್ಗರಣೆ ಅಷ್ಟೇ. ಆದರೆ ಭಟ್ರ ಹತ್ತಿರ ‘ಇಂಗು ಯಾವ ಡಬ್ಬಿಯದ್ದು, ಸ್ವಲ್ಪ ತೋರಿಸಿ’ ಅಂದರೆ ಕಥೆ ಬೇರೆ. ಅಂಗಡಿಯ ಪುಡಿ ಇಂಗಿನಲ್ಲಿ ಇಂಗಿನ ಜೊತೆ ಗೋಂದು, ಹಿಟ್ಟು ಸೇರಿರುತ್ತದೆ, ಆ ಹಿಟ್ಟು ಎಷ್ಟೋ ಸಲ ಗೋಧಿಯದ್ದೇ. ಕೆಲವು ಕಂಪನಿಯವರು ಅಕ್ಕಿ ಹಿಟ್ಟು ಹಾಕುತ್ತಾರೆ, ಅದಕ್ಕೇ ಡಬ್ಬಿ ಓದಬೇಕು. ಗೋಧಿ ಇದ್ದರೆ ಕಾರ್ಡಿನಲ್ಲಿ ‘ಗೋಧಿ ಇದೆ (ಇಂಗಿನ ಪುಡಿಯಲ್ಲಿ)’ ಅಂತ ಬರುತ್ತದೆ. ಕಂಸದಲ್ಲಿ ಇರುವ ಆ ಮಾತು ಬಹಳ ಮುಖ್ಯ, ಯಾಕೆಂದರೆ ಸಾರಿನಲ್ಲಿ ಗೋಧಿ ಅಂದರೆ ಜನ ಕಾರ್ಡೇ ಬದಲಾಗಿದೆ ಅಂದುಕೊಂಡು ಬಡಿಸಿಕೊಳ್ಳುತ್ತಾರೆ. ಘೀ ರೋಸ್ಟಿಗೂ ಹಾಗೇ: ‘ಹಾಲಿನ ಅಂಶ ಇದೆ (ತುಪ್ಪ, ಮೊಸರು)’. ಕೆಂಪು ಕೋಳಿ ಮಸಾಲೆ ನೋಡಿ ಯಾರಿಗೂ ಹಾಲು ನೆನಪಾಗುವುದಿಲ್ಲ, ಅಲ್ವಾ?

‘ಸೀಫುಡ್’, ‘ನಟ್ಸ್’ ಅಂತ ಒಟ್ಟಿಗೆ ಬರೆಯುವುದೂ ಬೇಡ. ಮೀನು ಆಗದವರಿಗೆ ಸಿಗಡಿ ಆಗಬಹುದು, ಸಿಗಡಿ ಆಗದವರಿಗೆ ಮೀನು ಆಗಬಹುದು. ಗೋಡಂಬಿ ಬೇರೆ, ನೆಲಗಡಲೆ ಬೇರೆ. ಸುಮ್ನೆ ‘ಕಡಲೆ’ ಅಂತ ಬರೆದರೆ ನಮ್ಮ ಊರಿನವರಿಗೆ ಮನೋಳಿ ಪಲ್ಯದ ಕಡಲೆಯೇ ಕಣ್ಣಿಗೆ ಬರುತ್ತದೆ. ಮಲಯಾಳದ ಸಾಲಿನಲ್ಲಿ ‘ನಿಲಕ್ಕಡಲ’, ಹಿಂದಿಯಲ್ಲಿ ‘ಮೂಂಗ್‌ಫಲಿ’ ಅಂತ ಬಿಡಿಸಿ ಹಾಕಿಸುತ್ತೇನೆ.

ಹಸಿರು ಚುಕ್ಕಿಯನ್ನು ಅಲರ್ಜಿಗೆ ಬಳಸಬೇಡಿ. ಅದು ಸಸ್ಯಾಹಾರ ಅಂತ ಹೇಳುತ್ತದೆ, ಅಷ್ಟೇ. ಒಳಗೆ ಹಾಲು, ಗೋಧಿ, ಗೋಡಂಬಿ ಎಲ್ಲ ಇರಬಹುದು. ಹಾಗೆಯೇ ‘ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ’ ಅಂದ ಮಾತ್ರಕ್ಕೆ ಜೈನರಿಗೆ ಆಗುತ್ತದೆ ಅಂತಲ್ಲ. ಆಲೂಗಡ್ಡೆ, ಕ್ಯಾರೆಟ್ ಇದ್ದರೆ ಬೇರೆ ಸಾಲು ಬೇಕು. (ಇಲ್ಲಿ ‘ಹಾಕಿಲ್ಲ’ ಬರೆಯುತ್ತೇನೆ, ಹೌದು. ಇದು ಆಚಾರದ ವಿಷಯ, ಆ ಪಾತ್ರೆ, ಸೌಟು ಬೇರೆಯೇ ಇಟ್ಟಾಗ ಮಾತ್ರ.)

ಪ್ರಿಂಟ್ ಹಾಕುವ ಮೊದಲು ಆಯಾ ಭಾಷೆಯವರೊಬ್ಬರಿಗೆ ಕಾರ್ಡ್ ಮಾತ್ರ ಕೊಟ್ಟು ‘ಇದನ್ನು ಯಾರು ತಿನ್ನಬಾರದು?’ ಅಂತ ಕೇಳುತ್ತೇನೆ. ‘ಅನುವಾದ ಸರಿ ಇದೆಯಾ’ ಅಂತ ಕೇಳಿದರೆ ಎಲ್ಲರೂ ಸರಿ ಅಂತಾರೆ.

ಕಾರ್ಡ್ ಟೇಬಲ್ಲಿಗೆ ಅಲ್ಲ, ಪಾತ್ರೆಯ ಸ್ಟ್ಯಾಂಡಿಗೆ ಸಿಕ್ಕಿಸಿರಬೇಕು. ಸಾರು ಮುಗಿದು ಆ ಜಾಗಕ್ಕೆ ಸಾಂಬಾರ್ ಬಂದಾಗ ಹಳೆ ಕಾರ್ಡ್ ಪಾತ್ರೆಯ ಜೊತೆಗೇ ಒಳಗೆ ಹೋಗುತ್ತದೆ.