ಮುತ್ತಜ್ಜ ಹುಟ್ಟಿದ್ದು ಯಾವ ವರ್ಷ?

ಮುತ್ತಜ್ಜನ ಸಮಾಧಿ ಕಲ್ಲಿನ ಮೇಲೆ ‘ನವೆಂಬರ್ 1934, ವಯಸ್ಸು 75’ ಎಂದು ಕೆತ್ತಿದ್ದಾರೆ. ಅಂದರೆ ಹುಟ್ಟಿದ್ದು 1859ರ ಸುಮಾರಿಗೆ. ತಾರೀಕು ಖಾತ್ರಿ ಮಾಡಿಕೊಳ್ಳೋಣ ಅಂತ ಮಂಗಳೂರಿನ ಹತ್ತಿರದ ನಮ್ಮ ಹಳೇ ಚರ್ಚಿಗೆ ಹೋದೆ. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ನಾಲ್ಕು ಸಲ ಹೋಗಬೇಕಾಯಿತು.

ಫಾದರ್ ಅನುಮತಿ ಕೊಟ್ಟರು. ಜ್ಞಾನಸ್ನಾನದ ಪುಸ್ತಕ ಲ್ಯಾಟಿನ್‌ನಲ್ಲಿತ್ತು. ಭಾಷೆ ಬಾರದಿದ್ದರೂ ಗಾಬರಿಯಿಲ್ಲ, ಯಾಕೆಂದರೆ ಎಲ್ಲ ದಾಖಲೆಯೂ ಒಂದೇ ಅಚ್ಚಿನದು. ಸ್ನಾನ ಕೊಟ್ಟ ದಿನ, ಮಗು ಹುಟ್ಟಿದ ದಿನ, ಮಗುವಿನ ಹೆಸರು, ಅಪ್ಪ ಅಮ್ಮ, ಧರ್ಮತಂದೆ ಧರ್ಮತಾಯಿ, ಕೊನೆಗೆ ಗುರುಗಳ ಸಹಿ. ಹತ್ತು ದಾಖಲೆ ಓದಿದರೆ ಹನ್ನೊಂದನೆಯದು ತಾನೇ ಓದಿಸಿಕೊಳ್ಳುತ್ತದೆ.

1859ರ ಮೇ ತಿಂಗಳಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತು. ಅಪ್ಪನ ಹೆಸರು ಸರಿ, ಅಮ್ಮನ ಹೆಸರೂ ಸರಿ. ಕಲ್ಲಿನ ವಯಸ್ಸಿಗೂ ಹೊಂದುತ್ತಿತ್ತು. ಖುಷಿಯಿಂದ ಬರೆದುಕೊಂಡು ಮನೆಗೆ ಬಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಸುಳ್ಳು ತಾರೀಕು ನಮ್ಮ ವಂಶವೃಕ್ಷದಲ್ಲಿ ಶಾಶ್ವತವಾಗಿ ಕೂತಿರುತ್ತಿತ್ತು.

ಅನುಮಾನ ಹುಟ್ಟಿಸಿದ್ದು ಮದುವೆ ಪುಸ್ತಕ. 1889ರ ಜನವರಿಯಲ್ಲಿ ಮುತ್ತಜ್ಜನ ಮದುವೆ. ವರನ ವಯಸ್ಸು 24 ಎಂದಿತ್ತು. 1859ರಲ್ಲಿ ಹುಟ್ಟಿದವರಿಗೆ ಆಗ 29 ಆಗಿರಬೇಕು. ಹಳೇ ಪುಸ್ತಕಗಳಲ್ಲಿ ವಯಸ್ಸು ಅಂದಾಜಿನದೇ ಜಾಸ್ತಿ, ನಿಜ. ಆದರೆ ಅಂದಾಜು ಮಾಡುವವರು 25, 30, 60 ಅಂತ ಬರೆಯುತ್ತಾರೆ, ಇಲ್ಲವೇ ‘ಸುಮಾರು’ ಎಂಬರ್ಥದ ‘ಚಿರ್ಚಿತೆರ್’ ಎಂಬ ಪದ ಸೇರಿಸುತ್ತಾರೆ. ಇಲ್ಲಿ ಅದೂ ಇರಲಿಲ್ಲ. 24 ಅಂತ ಯಾರೋ ಲೆಕ್ಕ ಹಾಕಿಯೇ ಹೇಳಿದಂತಿತ್ತು.

ಹಾಗಾಗಿ ಜ್ಞಾನಸ್ನಾನದ ಪುಸ್ತಕವನ್ನು ಮತ್ತೆ ತೆರೆದು, ಈ ಸಲ 1870ರವರೆಗೂ ನೋಡಿದೆ. ಅದೇ ಹೆಸರು ಇನ್ನೆರಡು ಕಡೆ ಇತ್ತು! ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ರೂಢಿ. ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ಹೆಸರು ಹೊತ್ತುಕೊಂಡಿರುತ್ತಾರೆ. 1862ರ ಮಗುವಿನ ತಾಯಿಯ ಹೆಸರು ಬೇರೆ. ಅದು ಚಿಕ್ಕಪ್ಪನ ಮಗ, ಬಿಟ್ಟೆ. 1864ರದಕ್ಕೆ ಅಪ್ಪ ಅಮ್ಮ ಇಬ್ಬರೂ ನಮ್ಮವರೇ. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿಗೆ ಒಂದೇ ಹೆಸರು ಯಾಕೆ ಇಡುತ್ತಾರೆ? ಮೊದಲನೆಯದು ಉಳಿದಿರಲಿಕ್ಕಿಲ್ಲ ಅನ್ನಿಸಿತು. ಆದರೆ ಅನ್ನಿಸಿದರೆ ಸಾಲದು, ಮರಣದ ಪುಸ್ತಕ ತೋರಿಸಬೇಕು. ತೋರಿಸಿತು. 1861ರಲ್ಲಿ ಎರಡು ವರ್ಷದ ಮಗುವನ್ನು ಮಣ್ಣು ಮಾಡಿದ್ದಾರೆ. ಅದೇ ಹೆಸರು, ಅದೇ ತಂದೆ ತಾಯಿ. ಆ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಈ ಮಗುವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ವರ್ಷ ಇತ್ಯರ್ಥವಾಯಿತು, ತಿಂಗಳಲ್ಲಿ ಮತ್ತೆ ಎಡವಿದೆ. ದಾಖಲೆಯಲ್ಲಿ ‘9, 8ಬ್ರಿಸ್, 1864’ ಎಂದಿತ್ತು. ಎಂಟು ಅಂದರೆ ಆಗಸ್ಟ್ ಅಲ್ವಾ? ಅಲ್ಲ. ಲ್ಯಾಟಿನ್‌ನಲ್ಲಿ ‘ಒಕ್ತೊ’ ಅಂದರೆ ಎಂಟು. ಅಕ್ಟೋಬರ್ ಎಂದು ಪೂರ್ತಿ ಬರೆಯುವ ಬದಲು ಅಂಕಿ ಹಾಕಿ ಬಾಲ ಸೇರಿಸುತ್ತಿದ್ದರು. 7ಬ್ರಿಸ್ ಸೆಪ್ಟೆಂಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಡಿಸೆಂಬರ್. ನಾನು ಆಗಸ್ಟ್ ಅಂತಲೇ ಬರೆದುಕೊಂಡಿದ್ದೆ. ತಪ್ಪು ಗೊತ್ತಾಗಿದ್ದು ಹಿಂದಿನ ಪುಟ ತಿರುಗಿಸಿದಾಗ. ಅಲ್ಲಿ ‘ಆಗುಸ್ತಿ’ ಎಂದು ಅಕ್ಷರದಲ್ಲೇ ಬರೆದ ದಾಖಲೆಗಳಿದ್ದವು, ಆಮೇಲೆ 7ಬ್ರಿಸ್, ಆಮೇಲೆ 8ಬ್ರಿಸ್. ಅವತ್ತಿನಿಂದ ಯಾವುದೇ ದಾಖಲೆಯ ಫೋಟೋ ತೆಗೆದರೂ ಇಡೀ ಪುಟ, ಅದರ ಹಿಂದಿನ ಪುಟ ಎರಡನ್ನೂ ತೆಗೆಯುತ್ತೇನೆ.

ಅದೇ ಸಾಲಿನಲ್ಲಿ ಮಗು ಹುಟ್ಟಿದ್ದು ‘ಇದೇ ತಿಂಗಳ 6ಕ್ಕೆ’ ಎಂದೂ ಇತ್ತು. ಇದು ಅದೃಷ್ಟ. ಹುಟ್ಟಿದ ದಿನ ಬರೆಯದ ಪುಸ್ತಕಗಳೂ ಇವೆ. ಶೇಕ್ಸ್‌ಪಿಯರ್ ವಿಷಯದಲ್ಲಿ ಸಿಕ್ಕಿರುವುದು 1564ರ ಏಪ್ರಿಲ್ 26ರ ಜ್ಞಾನಸ್ನಾನ ಮಾತ್ರ. ಏಪ್ರಿಲ್ 23 ಎನ್ನುವ ಜನ್ಮದಿನ ಆಮೇಲಿನವರ ಊಹೆ. ಹಾಗಿದ್ದಾಗ ‘ಈ ದಿನಕ್ಕಿಂತ ಮೊದಲು ಹುಟ್ಟಿದ್ದು’ ಎಂದಷ್ಟೇ ಬರೆಯಬೇಕು.

ಮುತ್ತಜ್ಜನ ದಾಖಲೆಯ ಪಕ್ಕದ ಅಂಚು ಖಾಲಿ. ಅವರ ಮಗನ ದಾಖಲೆಯ ಅಂಚಿನಲ್ಲಿ ಮಾತ್ರ ಮದುವೆಯ ತಾರೀಕು, ಮದುವೆಯಾದ ಚರ್ಚು ಎರಡೂ ಇವೆ. 1908ರಿಂದ ಜಾರಿಗೆ ಬಂದ ರೋಮಿನ ನಿಯಮದಂತೆ, ಮದುವೆ ಎಲ್ಲೇ ಆದರೂ ಅದನ್ನು ಜ್ಞಾನಸ್ನಾನದ ದಾಖಲೆಯ ಪಕ್ಕ ಗುರುತು ಹಾಕಬೇಕಿತ್ತು. ಅದಕ್ಕೂ ಮೊದಲು ಮದುವೆಯಾದವರಿಗೆ ಅಂಚು ಖಾಲಿ ಇದ್ದರೆ ಮದುವೆಯೇ ಆಗಿಲ್ಲ ಅಂತ ಅರ್ಥವಲ್ಲ.

ಹಾಗಾದರೆ ಕಲ್ಲಿನ ಮೇಲಿನ 75? ತೀರಿಕೊಂಡಾಗ ಮುತ್ತಜ್ಜನಿಗೆ 70. ಕಲ್ಲಿನ ಲೆಕ್ಕ ಸತ್ತುಹೋದ ಅಣ್ಣನ 1859ಕ್ಕೆ ಸರಿಯಾಗಿ ಹೊಂದುತ್ತದೆ. 1934ರಲ್ಲಿ ಯಾರೋ ನನ್ನ ಹಾಗೇ ಪುಸ್ತಕ ತೆರೆದು, ಮೊದಲು ಸಿಕ್ಕ ಹೆಸರಿಗೇ ನಿಂತಿರಬೇಕು. ಇದು ನನ್ನ ಊಹೆ, ವಂಶವೃಕ್ಷದಲ್ಲೂ ಊಹೆ ಎಂದೇ ಬರೆದಿದ್ದೇನೆ. ಕಲ್ಲನ್ನು ತಿದ್ದಿಸೋಣ ಅಂದರೆ ದೊಡ್ಡಮ್ಮ ಒಪ್ಪಲಿಲ್ಲ.